ಬಿನ್ ಅಗಲ ಬದಲಾದರೆ ಹಿಸ್ಟೋಗ್ರಾಮ್ ಆಕಾರ ಹೇಗೆ ಬದಲಾಗುತ್ತದೆ: ಹುಬ್ಬಳ್ಳಿ–ಧಾರವಾಡ ಬಸ್ಸಿನ ಲೆಕ್ಕ

ಪರೀಕ್ಷೆಯಲ್ಲಿ ಹಿಸ್ಟೋಗ್ರಾಮ್‌ನ ಸ್ಕ್ರೀನ್‌ಶಾಟ್ ಕೊಟ್ಟು 'ಆಕಾರ ಹೇಳಿ' ಅಂದರೆ ನಾವು ನೇರವಾಗಿ ಕಂಬಗಳ ಎತ್ತರ ನೋಡುತ್ತೇವೆ. ಅದಕ್ಕೂ ಮೊದಲು ಕಂಬದ ಅಗಲ ಎಷ್ಟು, ಮೊದಲ ಕಂಬ ಎಲ್ಲಿಂದ ಶುರು ಅಂತ ನೋಡಬೇಕು. ಯಾಕೆ ಅಂತ ಒಂದೇ ಲೆಕ್ಕದಲ್ಲಿ ತೋರಿಸುತ್ತೇನೆ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ 20 ಸಲ ಹೋದರು ಅಂದುಕೊಳ್ಳಿ. ಹಿಡಿದ ನಿಮಿಷಗಳು ಇವು (ಅಭ್ಯಾಸಕ್ಕೆ ನಾನೇ ಕಟ್ಟಿದ ಸಂಖ್ಯೆಗಳು, ಚಿಗರಿ ಬಸ್ಸಿನ ನಿಜವಾದ ಲೆಕ್ಕ ಅಲ್ಲ):

```
34 35 36 36 37 37 38 39
44 46 47 48 48 49 49 50 51 52 53 56
```

ಮೇಲಿನ ಸಾಲು ನಡುವೆ ನಿಲ್ಲದೆ ಹೋಗುವ ಬಸ್ಸು. ಕೆಳಗಿನದು ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಬಸ್ಸು. ಸ್ಕ್ರೀನ್‌ಶಾಟ್ ನೋಡುವವರಿಗೆ ಇದು ಗೊತ್ತಿರುವುದಿಲ್ಲ, ಅವರಿಗೆ ಕಾಣುವುದು ಬರೀ ಕಂಬ.

ಬಿನ್ ಅಗಲ 10, ಶುರು 30 ಇಟ್ಟರೆ (30 ಒಳಗೆ, 40 ಮುಂದಿನ ಬಿನ್‌ಗೆ) ಕಂಬಗಳು 8, 7, 5. ಎಡದಿಂದ ಬಲಕ್ಕೆ ಇಳಿಜಾರು. 'ಬಾಲ ಬಲಕ್ಕಿದೆ' ಅಂತ ಯಾರಾದರೂ ಬರೆದುಬಿಡುತ್ತಾರೆ.

ಅಗಲ 5 ಮಾಡಿ. ಈಗ 1, 7, 1, 6, 4, 1. ಎರಡು ದಿಬ್ಬ, ನಡುವೆ 40–45ರಲ್ಲಿ ತಗ್ಗು. ಸರಾಸರಿ 44.25 ನಿಮಿಷ. ಅದು ಬಂದು ಬೀಳುವುದು ಆ ತಗ್ಗಿನಲ್ಲೇ, ಅಲ್ಲಿ ಇರುವುದು ಒಂದೇ ಪ್ರಯಾಣ! ಅಗಲ 10ರ ಚಿತ್ರ ನೋಡಿದವರಿಗೆ 44 ನಿಮಿಷ ಸಹಜ ಅನ್ನಿಸುತ್ತದೆ.

ಅಗಲ 1 ಮಾಡಿದರೆ ಹಲ್ಲು ಮುರಿದ ಹಣಿಗೆ ತರ ಕಾಣುತ್ತದೆ. ಎಲ್ಲ ಕಂಬ 1 ಅಥವಾ 2, ನಡುನಡುವೆ ಖಾಲಿ. ಅದರಿಂದ ಆಕಾರ ಹೇಳಲು ಬರುವುದಿಲ್ಲ.

ಇಷ್ಟು ಎಲ್ಲ ಪುಸ್ತಕದಲ್ಲೂ ಇರುತ್ತದೆ. ನನಗೆ ತಲೆಗೆ ಹತ್ತಲು ಜಾಸ್ತಿ ಹೊತ್ತು ಹಿಡಿದದ್ದು ಇನ್ನೊಂದು: ಅಗಲ ಬದಲಿಸದೆಯೂ ಆಕಾರ ಬದಲಾಗುತ್ತದೆ. ಅಗಲ 10 ಹಾಗೇ ಇರಲಿ, ಶುರು ಮಾತ್ರ 30ರ ಬದಲು 25 ಇಡಿ. ಬಿನ್‌ಗಳು 25–35, 35–45, 45–55, 55–65. ಎಣಿಸಿ ನೋಡಿ. ಮೊದಲನೆಯದರಲ್ಲಿ 34 ಒಂದೇ. ಎರಡನೆಯದರಲ್ಲಿ 35ರಿಂದ 39ರವರೆಗಿನ ಏಳು, ಜೊತೆಗೆ 44, ಒಟ್ಟು 8. ಮೂರನೆಯದರಲ್ಲಿ 46ರಿಂದ 53ರವರೆಗಿನ 10. ಕೊನೆಗೆ 56 ಒಂದು. ಅಂದರೆ 1, 8, 10, 1. ಇಳಿಜಾರು ಹೋಗಿ ನಡುವೆ ಒಂದೇ ದಿಬ್ಬ ಬಂತು! ಡೇಟಾ ಅದೇ, ಅಗಲ ಅದೇ. 40 ಎಂಬ ಗೆರೆ ಎರಡು ಗುಂಪಿನ ಸಂದಿಯಲ್ಲಿ ಬಿದ್ದಿತ್ತು. ಈಗ 45ರ ಗೆರೆ ಎರಡನೇ ಗುಂಪಿನ 44ನ್ನು ಕಿತ್ತು ಮೊದಲ ಗುಂಪಿಗೆ ಸೇರಿಸಿತು, ಎರಡನೇ ಗುಂಪಿನ ಉಳಿದ ಬಹುಪಾಲು ಒಂದೇ ಕಂಬಕ್ಕೆ ಬಂತು.

ಅದಕ್ಕೇ ಸ್ಕ್ರೀನ್‌ಶಾಟ್‌ನಿಂದ ಅಗಲ ತೆಗೆಯುವುದು ಮೊದಲ ಕೆಲಸ. ಅಡ್ಡ ಅಕ್ಷದಲ್ಲಿ ಬರೆದ 30, 40, 50 ಬಿನ್‌ನ ಅಂಚು ಅಂತ ನಂಬಬೇಡಿ. ಮೊದಲ ಕಂಬದ ಎಡ ಅಂಚು ಮತ್ತು ಕೊನೆಯ ಕಂಬದ ಬಲ ಅಂಚು ಅಂದಾಜಿಸಿ. ವ್ಯತ್ಯಾಸವನ್ನು ಕಂಬಗಳ ಸಂಖ್ಯೆಯಿಂದ ಭಾಗಿಸಿ. ನಡುವೆ ಖಾಲಿ ಬಿಟ್ಟ ಜಾಗವೂ ಬಿನ್ನೇ, ಅದನ್ನೂ ಎಣಿಸಿ.

matplotlib-ನಲ್ಲಿ ಸುಮ್ನೆ `plt.hist(t)` ಅಂದರೆ 10 ಬಿನ್. ನಮ್ಮ ಡೇಟಾಗೆ ಅಂಚುಗಳು 34ರಿಂದ 56, ಹಾಗಾಗಿ ಅಗಲ 22 ÷ 10 = 2.2. ನಿಮಿಷಗಳು ಪೂರ್ಣ ಸಂಖ್ಯೆ, ಅಗಲ ಅಲ್ಲ. ಇದರಿಂದ ಮೊದಲ ಬಿನ್‌ಗೆ (34–36.2) 34, 35, 36 ಎಂಬ ಮೂರು ನಿಮಿಷ ಸಿಗುತ್ತವೆ, ಎರಡನೆಯದಕ್ಕೆ 37, 38 ಎರಡೇ. ಎಡ ಗುಂಪು 4, 3, 1 ಅಂತ ಬರುತ್ತದೆ, ಅಂದರೆ ಶುರುವಿನಲ್ಲೇ ತುದಿ. ಅಗಲ 2 ಇಟ್ಟು 34ರಿಂದ ಹಚ್ಚಿದರೆ ಅದೇ ಗುಂಪು 2, 4, 2, ಸರಿಯಾದ ದಿಬ್ಬ. ಅಗಲ ಪೂರ್ಣ ಸಂಖ್ಯೆ ಅಲ್ಲ ಅಂತ ಕಂಡರೆ ಅಕ್ಕಪಕ್ಕದ ಕಂಬಗಳ ಸಣ್ಣ ಏರಿಳಿತಕ್ಕೆ ಅರ್ಥ ಹಚ್ಚಬೇಡಿ.

ಹಾಗಾದರೆ ಎರಡು ದಿಬ್ಬ ನಿಜವೇ? 20 ಸಂಖ್ಯೆ ಕಡಿಮೆ. 6 ಮತ್ತು 4ರ ವ್ಯತ್ಯಾಸ ಸುಮ್ನೆ ಬಂದಿರಬಹುದು. ಆದರೆ 7, 1, 6ರ ತಗ್ಗು ಶುರುವನ್ನು ಸ್ವಲ್ಪ ಸರಿಸಿದರೂ ಉಳಿಯುತ್ತದೆಯಾ ನೋಡಬಹುದು. ಅಗಲ 5 ಇಟ್ಟು 32ರಿಂದ ಶುರು ಮಾಡಿದರೆ 4, 4, 2, 7, 3. ತಗ್ಗು ಆಳ ಕಳೆದುಕೊಂಡಿತು, ಆದರೆ ಹೋಗಲಿಲ್ಲ. ಡೇಟಾ ಕೈಯಲ್ಲಿದ್ದರೆ ಅಂಚುಗಳನ್ನು ನಾವೇ ಬರೆಯುವುದು ಒಳ್ಳೆಯದು:

```
plt.hist(t, bins=range(30, 61, 5))
plt.hist(t, bins=range(32, 58, 5))
```

ಸ್ಕ್ರೀನ್‌ಶಾಟ್ ಮಾತ್ರ ಇದ್ದರೆ ಉತ್ತರದಲ್ಲಿ ಅಗಲವನ್ನೂ ಸೇರಿಸಿ: '10 ನಿಮಿಷದ ಬಿನ್‌ನಲ್ಲಿ, 30ರಿಂದ ಶುರು ಮಾಡಿದಾಗ, ಇಳಿಜಾರಾಗಿ ಕಾಣುತ್ತದೆ. ಬಿನ್ ಒಳಗೆ ಏನಿದೆ ಅಂತ ಈ ಚಿತ್ರದಿಂದ ಹೇಳಲಾಗದು.'