ಫೌಂಡ್ರಿಯ ನೋಟಿಸ್ ಬೋರ್ಡಿಗೆ ‘ಸಾಕಷ್ಟು ನೀರು ಕುಡಿಯಿರಿ’ ಎಂದಷ್ಟೇ ಬರೆದರೆ ಸಾಕೆ?

ಪ್ರಶ್ನೆ: ಹಾಸನದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಬಿಸಿಯಿಂದಾಗುವ ತೊಂದರೆ ಬಗ್ಗೆ ಇಂಗ್ಲಿಷ್ ಸುತ್ತೋಲೆ ಬಂದಿದೆ, ಅದನ್ನು ಕನ್ನಡದಲ್ಲಿ ಬರೆದು ಬೋರ್ಡಿಗೆ ಹಾಕಬೇಕು. ನಮ್ಮೂರಲ್ಲಿ ಅಂಥ ಬಿಸಿಲಿಲ್ಲವಲ್ಲ, ಇಷ್ಟೆಲ್ಲ ಬೇಕೇ?

ಉತ್ತರ: ಬೇಕು. ಕಾರ್ಮಿಕನ ಮೈ ಕಾಯಿಸುವುದು ಬಿಸಿಲೊಂದೇ ಅಲ್ಲ. ಕರಗಿದ ಬೀಡುಕಬ್ಬಿಣ ಅಚ್ಚಿಗೆ ಬೀಳುವಾಗ ಸುಮಾರು 1350–1400 ಡಿಗ್ರಿ ಇರುತ್ತದೆ. ಅದರ ಝಳ ಗಾಳಿಯನ್ನು ಕಾಯಿಸುವುದಕ್ಕಿಂತ ಹೆಚ್ಚಾಗಿ ನೇರ ಮೈಗೇ ಬಡಿಯುತ್ತದೆ. ಹಾಗಾಗಿ ಆಫೀಸಿನ ಗೋಡೆಯ ಥರ್ಮಾಮೀಟರ್ 30 ತೋರಿಸುತ್ತಿದ್ದರೂ ಲ್ಯಾಡಲ್ ಹಿಡಿದವನ ಪಾಡು ಬೇರೆಯೇ. ಮೇಲೆ ದಪ್ಪ ಏಪ್ರನ್, ಗ್ಲೌಸ್, ಬೂಟು ಬೇರೆ; ಅವುಗಳ ಒಳಗೆ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ.

ಸುತ್ತೋಲೆಯನ್ನು ಸಾಲುಸಾಲಾಗಿ ಕನ್ನಡಕ್ಕೆ ತರುವ ಬದಲು, ಶಿಫ್ಟಿನಲ್ಲಿ ಯಾರು ಯಾವಾಗ ಏನು ಮಾಡಬೇಕು ಎಂದು ಬರೆಯಿರಿ. ನೀರಿನ ವಿಷಯ ನೋಡಿ. ‘ಸಾಕಷ್ಟು’ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ. ಬಾಯಾರುವ ಹೊತ್ತಿಗೆ ಮೈಯಲ್ಲಿ ನೀರು ಆಗಲೇ ಕಡಿಮೆಯಾಗಿರುತ್ತದೆ. ಕಾಲು ಲೀಟರ್ ಹಿಡಿಯುವ ಸ್ಟೀಲ್ ಲೋಟದಲ್ಲಿ 15–20 ನಿಮಿಷಕ್ಕೆ ಒಂದು ಲೋಟ, ಅಂದರೆ ಗಂಟೆಗೆ ಮೂರರಿಂದ ನಾಲ್ಕು. ಗಂಟೆಗೆ ಒಂದೂವರೆ ಲೀಟರ್ ಮೀರಬಾರದು. ಮೀರಿದರೆ ರಕ್ತದಲ್ಲಿನ ಉಪ್ಪಿನ ಅಂಶ ಇಳಿದು ಅದೇ ಇನ್ನೊಂದು ಅಪಾಯವಾಗುತ್ತದೆ. ಗಂಟೆಗಟ್ಟಲೆ ಬೆವರು ಹರಿದರೆ ನಡುನಡುವೆ ಉಪ್ಪು ಹಾಕಿದ ನೀರುಮಜ್ಜಿಗೆ ಒಳ್ಳೆಯದು. ಉಪ್ಪಿನ ಮಾತ್ರೆ ಬೇಡ. ಬಿ.ಪಿ., ಕಿಡ್ನಿ ತೊಂದರೆ ಇದ್ದವರು ಉಪ್ಪಿನ ವಿಷಯದಲ್ಲಿ ಡಾಕ್ಟರನ್ನು ಕೇಳಲಿ.

ಹೆಚ್ಚಿನವರು ಕೈಬಿಡುವ ಅಂಶ, ರಜೆಯಿಂದ ಬಂದವರದು. ಬಿಸಿಗೆ ಒಗ್ಗಿದ ಮೈ ಮೊದಲೇ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಬಿಡುತ್ತದೆ. ಒಂದು ವಾರ ದೂರವಿದ್ದರೆ ಈ ಒಗ್ಗುವಿಕೆ ಕರಗಲು ಶುರುವಾಗುತ್ತದೆ. ಪೌರಿಂಗ್‌ನಲ್ಲಿ ಪಳಗಿದವನೇ ಏಪ್ರಿಲ್‌ನಲ್ಲಿ ಊರ ಜಾತ್ರೆಗೆಂದು ಹತ್ತು ದಿನ ಹೋಗಿ ಬಂದ ಎನ್ನಿ. ಎಂಟು ಗಂಟೆಯ ಶಿಫ್ಟಿನಲ್ಲಿ ಮೊದಲ ದಿನ ಫರ್ನೇಸ್ ಕಡೆ ನಾಲ್ಕು ಗಂಟೆ, ಎರಡನೇ ದಿನ ಐದರ ಒಳಗೆ, ಮೂರನೇ ದಿನ ಆರೂವರೆಯ ಒಳಗೆ, ನಾಲ್ಕನೇ ದಿನ ಪೂರ್ತಿ. ಉಳಿದ ಹೊತ್ತು ಪ್ಯಾಟರ್ನ್ ಸ್ಟೋರ್, ಇನ್‌ಸ್ಪೆಕ್ಷನ್ ಮುಂತಾದ ತಂಪು ಕಡೆ. ಹೊಸಬನಿಗೆ ಮೊದಲ ದಿನ ಒಂದೂವರೆ ಗಂಟೆಯಷ್ಟೇ. ಮುಂದೆ ದಿನಕ್ಕೆ ಅಷ್ಟಷ್ಟೇ ಏರಿಸಿ ಐದನೇ ದಿನಕ್ಕೆ ಪೂರ್ತಿ. ಇದನ್ನು ಕಾರ್ಮಿಕನ ಇಷ್ಟಕ್ಕೆ ಬಿಡಬೇಡಿ. ‘ನಂಗೇನೂ ಆಗಲ್ಲ ಸಾರ್’ ಎಂದೇ ಅವನು ಹೇಳುತ್ತಾನೆ. ಶಿಫ್ಟ್ ಪಟ್ಟಿಯಲ್ಲೇ ಬರೆದಿಡಿ.

ಇನ್ನು ಅಪಾಯದ ಗುರುತು. ‘ಚರ್ಮ ಬಿಸಿಯಾಗಿ ಒಣಗಿರುತ್ತದೆ’ ಎಂಬ ಸಾಲು ಇಂಥ ಸುತ್ತೋಲೆಗಳಲ್ಲಿ ಸಾಮಾನ್ಯ. ಆದರೆ ದುಡಿಯುತ್ತಲೇ ಹೀಟ್ ಸ್ಟ್ರೋಕ್ ಆದವನ ಅಂಗಿ ಬೆವರಿನಿಂದ ತೊಯ್ದಿರಲೂಬಹುದು. ಆದ್ದರಿಂದ ಬೆವರನ್ನಲ್ಲ, ಮಾತನ್ನು ಗಮನಿಸಿ: ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ತಡವರಿಕೆ, ಕಾರಣವಿಲ್ಲದ ಸಿಟ್ಟು, ಓಲಾಡುವ ಹೆಜ್ಜೆ. ತನಗೆ ಹೀಗಾಗುತ್ತಿದೆ ಎಂದು ಅವನಿಗೇ ತಿಳಿಯುವುದಿಲ್ಲ, ಪಕ್ಕದವನೇ ನೋಡಬೇಕು.

ಬೋರ್ಡಿಗೆ ಇಷ್ಟು ಹಾಕಿ, ದಪ್ಪ ಅಕ್ಷರದಲ್ಲಿ:

“ಫರ್ನೇಸ್, ಪೌರಿಂಗ್, ನಾಕ್‌ಔಟ್ ಕಡೆಯವರು 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ, ಬಾಯಾರದಿದ್ದರೂ. ಕೆಲಸದ ನಡುವೆ ಏಪ್ರನ್ ಬಿಚ್ಚಬೇಡಿ. ವಿಶ್ರಾಂತಿಗೆ ಬಂದಾಗ ಬಿಚ್ಚಿ ಗಾಳಿಗೆ ಕುಳಿತುಕೊಳ್ಳಿ. ಒಂದು ವಾರ ಅಥವಾ ಅದಕ್ಕಿಂತ ಹೆಚ್ಚು ರಜೆ ಹಾಕಿ ಬಂದವರು ಮೊದಲು ಸೂಪರ್‌ವೈಸರನ್ನು ಕಾಣಿ. ತಲೆಸುತ್ತು, ವಾಕರಿಕೆ, ಕಾಲು ಸೆಳೆತ ಬಂದರೆ ಕೂಡಲೇ ಕೆಲಸ ನಿಲ್ಲಿಸಿ ತಿಳಿಸಿ. ಜೊತೆಗಾರ ತಪ್ಪು ತಪ್ಪಾಗಿ ಮಾತಾಡಿದರೆ ಅಥವಾ ಬಿದ್ದರೆ: 108ಕ್ಕೆ ಫೋನ್ ಮಾಡಿಸಿ, ನೆರಳಿಗೆ ತಂದು ಏಪ್ರನ್, ಬೂಟು, ಅಂಗಿ ತೆಗೆದು ಮೈಮೇಲೆಲ್ಲ ತಣ್ಣೀರು ಸುರಿಯುತ್ತಾ ಗಾಳಿ ಹಾಕಿ. ಬಾಯಿಗೆ ನೀರು ಹಾಕಬೇಡಿ. ಆಂಬುಲೆನ್ಸ್ ಬರುವವರೆಗೂ ಸುರಿಯುವುದನ್ನು ನಿಲ್ಲಿಸಬೇಡಿ.”

ಬಾಯಿಗೆ ನೀರು ಬೇಡ ಎಂದದ್ದು, ಪ್ರಜ್ಞೆ ಸರಿಯಿಲ್ಲದವನಿಗೆ ಅದು ಶ್ವಾಸಕೋಶಕ್ಕೆ ಇಳಿಯಬಹುದೆಂದು. ಸುರಿಯಲು ನೀರು ಹುಡುಕಿಕೊಂಡು ಓಡುವಂತಾಗಬಾರದು. ಪೌರಿಂಗ್ ಜಾಗದ ಹೊರಗೆ, ಕರಗಿದ ಲೋಹಕ್ಕೆ ಒಂದು ಹನಿಯೂ ತಾಗದಷ್ಟು ದೂರದಲ್ಲಿ, ತುಂಬಿದ ಡ್ರಮ್ಮು, ಮಗ್ಗು ಸದಾ ಇರಲಿ.

ನೋಟಿಸನ್ನು ಆಫೀಸ್ ಬಾಗಿಲಿಗಲ್ಲ, ಕುಡಿಯುವ ನೀರಿನ ನಲ್ಲಿಯ ಪಕ್ಕ ಅಂಟಿಸಿ. ಜೂನ್‌ನಲ್ಲಿ ಮಳೆ ಹಿಡಿಯಿತೆಂದು ತೆಗೆಯಬೇಡಿ. ಆಗ ಗಾಳಿಯಲ್ಲಿ ತೇವ ಹೆಚ್ಚಿ ಬೆವರು ಆರುವುದು ಇನ್ನೂ ತಡವಾಗುತ್ತದೆ, ಫರ್ನೇಸ್ ಮಾತ್ರ ಏಪ್ರಿಲ್‌ನಷ್ಟೇ ಕಾದಿರುತ್ತದೆ.