ಉಪ್ಪಿನ ಭರಣಿಯ ನೀರು ಎಲ್ಲಿಂದ ಬಂತು?

ಹೋದ ಜುಲೈಯಲ್ಲಿ ಏಳನೇ ತರಗತಿಯ ಒಬ್ಬ ಹುಡುಗನ ತಾಯಿ ಶಾಲೆಗೆ ಬಂದಿದ್ದರು. ಅಂಕಪಟ್ಟಿಗೆ ಸಹಿ ಹಾಕಿದ ಮೇಲೂ ಅವರು ಏಳಲಿಲ್ಲ. "ಅಕ್ಕೋರೇ, ಮನೇಲಿ ಇವ ಒಂದೇ ಸಮ ತಲೆ ತಿಂತಾನೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ತುಂಬಾ ನೀರಾಗ್ತದಲ್ಲ, ಆ ನೀರು ಎಲ್ಲಿಂದ ಬಂತು ಅಂತ. ಉಪ್ಪು ಕರಗಿ ನೀರಾಗ್ತದೆ ಅಂದೆ. ಸರಿಯಾ?" ಎಂದು ಕೇಳಿದರು.

ಕುಮಟಾ ಕಡೆಯ ಯಾವ ಮನೆಯಲ್ಲಿ ಕೇಳಿದರೂ ಇದೇ ಉತ್ತರ ಬರುತ್ತದೆ. ಅದಕ್ಕೆ ಒಂದು ಕಾರಣ ನಮ್ಮ ಭಾಷೆಯಲ್ಲೇ ಇದೆ. ಐಸ್ ಕರಗಿತು ಅನ್ನುತ್ತೇವೆ. ಚಹಾದಲ್ಲಿ ಸಕ್ಕರೆ ಕರಗಿತು ಅಂತಲೂ ಅನ್ನುತ್ತೇವೆ. ಮಾತು ಒಂದೇ, ಆದರೆ ಕೆಲಸ ಎರಡು. ಐಸ್ ಬಿಸಿಗೆ ಕರಗುತ್ತದೆ, ಬೇರೆ ಯಾವ ವಸ್ತುವೂ ಬೇಕಿಲ್ಲ. ಸಕ್ಕರೆ ಹಾಗಲ್ಲ. ಅದು ಕರಗಲು ಮೊದಲು ನೀರು ಇರಬೇಕು. ಉಪ್ಪು ಐಸ್‌ನಂತೆ ತಾನಾಗಿಯೇ ಕರಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅಡುಗೆಮನೆಯ ಭರಣಿಯಲ್ಲಿ ಉಪ್ಪು ಕರಗುವುದು ಸಕ್ಕರೆಯಂತೆ. ಅಂದರೆ ಅಲ್ಲಿ ಮೊದಲು ನೀರು ಬಂದಿದೆ, ಆಮೇಲೆ ಉಪ್ಪು ಕರಗಿದೆ. ಹುಡುಗನ ಪ್ರಶ್ನೆ ಸರಿಯಾಗಿಯೇ ಇದೆ. ಆ ನೀರು ಎಲ್ಲಿಂದ ಬಂತು?

ಇದನ್ನು ತಕ್ಕಡಿಯಲ್ಲೇ ನೋಡಬಹುದು. ಉಪ್ಪೇ ನೀರಾಗಿದ್ದರೆ ಒಟ್ಟು ತೂಕ ಬದಲಾಗಬಾರದು. ಹೊರಗಿನಿಂದ ನೀರು ಬಂದಿದ್ದರೆ ತೂಕ ಜಾಸ್ತಿ ಆಗಬೇಕು. ಮರುದಿನವೇ ತರಗತಿಯಲ್ಲಿ ಮಾಡಿ ನೋಡಿದೆವು.

ಸಾಣಿಕಟ್ಟೆಯ ದಪ್ಪ ಉಪ್ಪು ತಂದು, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಒಣಗಿಸಿದೆವು. ಉರಿ ದೊಡ್ಡದಾದರೆ ಹರಳು ಚಟಪಟ ಸಿಡಿಯುತ್ತದೆ. ಹರಳಿನ ಒಳಗೆ ಸಿಕ್ಕಿಕೊಂಡ ಉಪ್ಪುನೀರಿನ ಹನಿ ಆವಿಯಾಗಿ ಅದನ್ನು ಒಡೆಯುತ್ತದೆ, ಹಾಗಾಗಿ ಈ ಕೆಲಸ ದೊಡ್ಡವರದ್ದು. ತಣಿದ ಮೇಲೆ 100 ಗ್ರಾಂ ತೂಗಿ ಒಂದು ಸ್ಟೀಲ್ ತಟ್ಟೆಯಲ್ಲಿ ಹರಡಿ ಕಿಟಕಿಯ ಬಳಿ ಇಟ್ಟೆವು. ಇನ್ನೊಂದು 100 ಗ್ರಾಂ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿದೆವು. ಮರುದಿನ ಅದೇ ಹೊತ್ತಿಗೆ ತಟ್ಟೆಯ ಉಪ್ಪು 109 ಗ್ರಾಂ ತೂಗಿತು. ಡಬ್ಬಿಯದ್ದು 100 ಗ್ರಾಂ ಹಾಗೇ ಇತ್ತು, ಮುಟ್ಟಿದರೆ ಒಣ. ಕಿಟಕಿಯಿಂದ ಇರಿಚಲು ಬಿದ್ದಿರಲಿಲ್ಲ. ಮೂಲೆಯಲ್ಲಿದ್ದ ಖಾಲಿ ತಟ್ಟೆ ಒಣಗಿತ್ತು. ಹಾಗಾದರೆ ಆ 9 ಗ್ರಾಂ ನೀರು ಗಾಳಿಯಿಂದ ಬಂದದ್ದು.

ಗಾಳಿಯಲ್ಲಿ ನೀರು ಕಣ್ಣಿಗೆ ಕಾಣದ ಆವಿಯಾಗಿ ಇರುತ್ತದೆ. ಆಯಾ ಬಿಸಿಗೆ ತಕ್ಕಂತೆ ಅದಕ್ಕೊಂದು ಮಿತಿ ಇದೆ. ಆ ಮಿತಿಯನ್ನು 100 ಎಂದುಕೊಂಡರೆ, ಈಗ ಎಷ್ಟು ತುಂಬಿದೆ ಎಂದು ಹೇಳುವ ಸಂಖ್ಯೆಯೇ ಗಾಳಿಯ ತೇವಾಂಶ. ನಮ್ಮ ಕರಾವಳಿಯಲ್ಲಿ ಜುಲೈಯಲ್ಲಿ ಅದು ಸಾಮಾನ್ಯವಾಗಿ 85ಕ್ಕಿಂತ ಮೇಲೇ ಇರುತ್ತದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಬರುವುದು ಅದಕ್ಕೇ.

ಈಗ ಉಪ್ಪಿನ ಹರಳಿನ ಮೈ ನೋಡೋಣ. ಗಾಳಿಯ ಆವಿಯಲ್ಲಿ ಸ್ವಲ್ಪ ಸದಾ ಅದರ ಮೇಲೆ ಅಂಟುತ್ತದೆ, ಸ್ವಲ್ಪ ಬಿಟ್ಟು ಹೋಗುತ್ತದೆ. ಅಂಟಿದ ನೀರಿನ ತೆಳು ಪದರದಲ್ಲಿ ಉಪ್ಪು ಕರಗುತ್ತದೆ. ಉಪ್ಪು ಕರಗಿದ ನೀರು ಸಾದಾ ನೀರಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಒಳಗಿನ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೋಗುವ ನೀರು ಕಡಿಮೆ, ಬರುವ ನೀರು ಜಾಸ್ತಿ ಆದರೆ ಪದರ ದಪ್ಪವಾಗುತ್ತಾ ಹೋಗುತ್ತದೆ. ಇನ್ನಷ್ಟು ಉಪ್ಪು ಕರಗುತ್ತದೆ, ಇನ್ನಷ್ಟು ನೀರು ಸೇರುತ್ತದೆ. ಕೊನೆಗೆ ಭರಣಿಯ ತಳದಲ್ಲಿ ನೀರು ನಿಲ್ಲುತ್ತದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆಗ ಒಬ್ಬಳು ಹುಡುಗಿ ಎದ್ದು, "ಪ್ಯಾಕೆಟ್ ಉಪ್ಪಿಗಿಂತ ದಪ್ಪ ಉಪ್ಪೇ ಬೇಗ ನೀರಾಗ್ತದಲ್ಲ, ಯಾಕೆ?" ಎಂದಳು. ಅದಕ್ಕೆ ಉಪ್ಪಿನಾಗರಕ್ಕೇ ಹೋಗಬೇಕು.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅದರಲ್ಲಿ ನಾವು ತಿನ್ನುವ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಸುಮಾರು 27 ಗ್ರಾಂ. ಉಳಿದದ್ದರಲ್ಲಿ ಹೆಚ್ಚಿನದು ಮೆಗ್ನೀಷಿಯಂ ಲವಣಗಳು, ಸ್ವಲ್ಪ ಜಿಪ್ಸಂ. ಬಿಸಿಲಿಗೆ ನೀರು ಆರುತ್ತಾ ಬಂದಂತೆ ಇವೆಲ್ಲ ಒಟ್ಟಿಗೇ ಹರಳಾಗುವುದಿಲ್ಲ. ಜಿಪ್ಸಂ ಮೊದಲು ತಳ ಸೇರುತ್ತದೆ. ನೀರು ಹತ್ತರಲ್ಲಿ ಒಂದು ಪಾಲಿನಷ್ಟು ಉಳಿದಾಗ ಉಪ್ಪು ಹರಳು ಕಟ್ಟಲು ಶುರುವಾಗುತ್ತದೆ. ಮೆಗ್ನೀಷಿಯಂ ಲವಣಗಳು ಕೊನೆಯವರೆಗೂ ನೀರಲ್ಲೇ ಇರುತ್ತವೆ. ಅದಕ್ಕೇ ಆಗರದಲ್ಲಿ ಉಪ್ಪು ಎಳೆದ ಮೇಲೆ ಉಳಿದ ಕಹಿ ನೀರನ್ನು ಹೊರಗೆ ಬಿಡುತ್ತಾರೆ. ಅದನ್ನೂ ಪೂರ್ತಿ ಆರಲು ಬಿಟ್ಟರೆ ಉಪ್ಪೇ ಕಹಿಯಾಗುತ್ತದೆ. ಎಷ್ಟೇ ಎಚ್ಚರ ವಹಿಸಿದರೂ ಆ ಕಹಿ ನೀರು ಸ್ವಲ್ಪ ಹರಳಿನ ಮೈಗೆ ಅಂಟಿಕೊಂಡೇ ಬರುತ್ತದೆ. ಅದರಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್‌ಗೆ ನೀರೆಂದರೆ ವಿಪರೀತ ಸೆಳೆತ.

ಎಷ್ಟು ಸೆಳೆತ ಅನ್ನುವುದಕ್ಕೆ ಎರಡು ಸಂಖ್ಯೆ ನೆನಪಿಟ್ಟರೆ ಸಾಕು. ಗಾಳಿಯ ತೇವಾಂಶ ಸುಮಾರು 75 ದಾಟಿದರೆ ಶುದ್ಧ ಉಪ್ಪು ನೀರೊಡೆಯುತ್ತದೆ. ಮೆಗ್ನೀಷಿಯಂ ಕ್ಲೋರೈಡ್‌ಗೆ ಸುಮಾರು 33 ಸಾಕು. ನಮ್ಮೂರಲ್ಲಿ ತೇವಾಂಶ 33ಕ್ಕೆ ಇಳಿಯುವುದೇ ಅಪರೂಪ ಅಲ್ವಾ?

ಆ ಕಹಿಯನ್ನು ತೆಗೆದುಬಿಟ್ಟರೆ ಉಪ್ಪು ಒಣಗಿಯೇ ಇರುತ್ತದಾ ಎಂದು ಮಕ್ಕಳು ಕೇಳಿದರು. ತೆಗೆಯಲು ತೊಳೆಯಬೇಕು. ಸಾದಾ ನೀರಲ್ಲಿ ತೊಳೆದರೆ ಉಪ್ಪೇ ಕರಗಿ ಹೋಗುತ್ತದೆ. ಅದಕ್ಕೆ ಉಪ್ಪನ್ನು ಉಪ್ಪು ನೀರಿನಲ್ಲೇ ತೊಳೆಯಬೇಕು. 200 ಮಿಲಿ ನೀರಿಗೆ ಸುಮಾರು 75 ಗ್ರಾಂ ಪ್ಯಾಕೆಟ್ ಉಪ್ಪು ಹಾಕಿ ಚೆನ್ನಾಗಿ ಕಲಸಿದೆವು. ತಳದಲ್ಲಿ ಸ್ವಲ್ಪ ಕರಗದೇ ಉಳಿಯಬೇಕು. ಇನ್ನು ಉಪ್ಪು ಹಿಡಿಯಲಾರೆ ಎಂದು ನೀರು ಹೇಳುವ ಗುರುತು ಅದು. ಹಾಗೆ ಉಳಿಯದಿದ್ದರೆ ಇನ್ನಷ್ಟು ಉಪ್ಪು ಹಾಕಬೇಕು, ಇಲ್ಲದಿದ್ದರೆ ತೊಳೆಯಲು ಹಾಕಿದ ಹರಳುಗಳು ಸವೆಯುತ್ತವೆ. ಆ ತಿಳಿ ನೀರಿನಲ್ಲಿ ದಪ್ಪ ಉಪ್ಪನ್ನು ಎರಡು ಸಲ ಅಲುಗಾಡಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಒಣಗಿಸಿದೆವು. ನೀರಿಗೆ ಇನ್ನು ಉಪ್ಪು ಬೇಡ, ಆದರೆ ಮೆಗ್ನೀಷಿಯಂ ಲವಣಕ್ಕೆ ಜಾಗ ಇದೆ. ಹಾಗಾಗಿ ಅದು ಮಾತ್ರ ತೊಳೆದು ಹೋಗುತ್ತದೆ.

ತೊಳೆದ ಉಪ್ಪು ಒಣಗಿಯೇ ಉಳಿಯುತ್ತದೆ ಎಂದು ನಾನೇ ಮಕ್ಕಳಿಗೆ ಹೇಳಿದ್ದೆ. ಮರುದಿನ ನೋಡಿದರೆ ಅದೂ 106 ಗ್ರಾಂ ಆಗಿತ್ತು! ನಾನು ಬರೀ ಮೆಗ್ನೀಷಿಯಂ ಕಡೆ ನೋಡಿ 75ರ ಗೆರೆಯನ್ನು ಮರೆತಿದ್ದೆ. ಅವತ್ತು ತರಗತಿಯ ತೇವಾಂಶ ಮಾಪಕ 91 ತೋರಿಸುತ್ತಿತ್ತು. ಅಂಥ ಗಾಳಿಯಲ್ಲಿ ಎಷ್ಟೇ ಶುದ್ಧ ಉಪ್ಪಾದರೂ ನೀರೊಡೆಯಲೇಬೇಕು. ತೊಳೆದದ್ದಕ್ಕೂ ತೊಳೆಯದ್ದಕ್ಕೂ ವ್ಯತ್ಯಾಸ ಕಾಣಬೇಕಾದರೆ ತೇವಾಂಶ 33 ಮತ್ತು 75ರ ನಡುವೆ ಇರುವ ದಿನ ಬೇಕು.

ಅದಕ್ಕೆ ಜನವರಿಯವರೆಗೆ ಕಾದೆವು. ಒಂದು ಮಧ್ಯಾಹ್ನ ಮಾಪಕ 58ರಲ್ಲಿತ್ತು. ಎರಡೂ ಬಗೆಯ ಉಪ್ಪನ್ನು ಮತ್ತೆ ಒಣಗಿಸಿ, 11 ಗಂಟೆಗೆ ತೂಗಿ ಇಟ್ಟೆವು. 4 ಗಂಟೆಗೆ ತೊಳೆಯದ ಉಪ್ಪು 102 ಗ್ರಾಂ ಇತ್ತು, ಬೆರಳಿಗೆ ಅಂಟುತ್ತಿತ್ತು. ತೊಳೆದದ್ದು 100 ಗ್ರಾಂ, ಮರಳಿನಂತೆ ಬೆರಳ ಸಂದಿಯಿಂದ ಉದುರಿತು. ಜುಲೈಯಲ್ಲಿ ತಪ್ಪಾದ ಉತ್ತರಕ್ಕೆ ಕಾರಣ ಏನು ಅಂತ ಮಕ್ಕಳು ಆರು ತಿಂಗಳ ಆಮೇಲೆ ತಾವೇ ಬರೆದರು.

ನನ್ನ ಅಜ್ಜಿಯ ಮನೆ ಶಿರಸಿ ಕಡೆ. ಅಲ್ಲಿ ದಪ್ಪ ಉಪ್ಪನ್ನು ಮರದ ಮರಿಗೆಯಲ್ಲಿ ಹಾಕಿ, ಒಲೆಯ ಮೇಲಿನ ಅಟ್ಟದಲ್ಲಿ ಸ್ವಲ್ಪ ವಾರೆಯಾಗಿ ಇಡುತ್ತಿದ್ದರು. ತಗ್ಗಿನ ಕಡೆ ಹನಿ ಬೀಳಲು ಒಂದು ಗೆರಟೆ ಇರುತ್ತಿತ್ತು. ಆ ಹನಿಯನ್ನು ಚಿಕ್ಕವಳಿದ್ದಾಗ ನೆಕ್ಕಿ ನೋಡಿದ್ದೇನೆ, ನಾಲಿಗೆಗೆ ಬರೀ ಉಪ್ಪಲ್ಲ, ಕಹಿ. ಅದರ ಲೆಕ್ಕ ನನಗೆ ಈಗ ಪೂರ್ತಿ ಅರ್ಥವಾಗುತ್ತಿದೆ. 27 ಡಿಗ್ರಿಯಲ್ಲಿ 90 ತೇವಾಂಶ ಇರುವ ಗಾಳಿ ಒಲೆಯ ಮೇಲೆ 35 ಡಿಗ್ರಿಗೆ ಬಿಸಿಯಾದರೆ, ಅದರಲ್ಲಿರುವ ನೀರು ಅಷ್ಟೇ ಇದ್ದರೂ ಮಿತಿ ಹೆಚ್ಚಾಗುವುದರಿಂದ ತೇವಾಂಶ 57ರ ಆಸುಪಾಸಿಗೆ ಇಳಿಯುತ್ತದೆ. 75ಕ್ಕಿಂತ ಕೆಳಗೆ, 33ಕ್ಕಿಂತ ಮೇಲೆ. ಅಂದರೆ ಉಪ್ಪು ಗಟ್ಟಿಯಾಗಿ ಉಳಿಯುತ್ತದೆ, ಮೆಗ್ನೀಷಿಯಂ ಮಾತ್ರ ನೀರೊಡೆದು ಹನಿಯುತ್ತದೆ. ನಾವು ತರಗತಿಯಲ್ಲಿ ತೊಳೆದು ಮಾಡಿದ್ದನ್ನು ಆ ಮರಿಗೆ ಮಳೆಗಾಲ ಪೂರ್ತಿ ನಿಧಾನವಾಗಿ ಮಾಡುತ್ತಿತ್ತು.

ಈಗಿನ ಗ್ಯಾಸ್ ಒಲೆಯ ಮೇಲೆ ಅಟ್ಟ ಇಲ್ಲ. ಇನ್ನು ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಅಕ್ಕಿ ಹಾಕುವ ರೂಢಿ ಇದೆ. ಅಕ್ಕಿ ಸ್ವಲ್ಪ ನೀರು ಹೀರುತ್ತದೆ, ಆದರೆ ಮುಚ್ಚಳ ಸಡಿಲವಿದ್ದರೆ ಹೊರಗಿನ ಗಾಳಿಯ ಮುಂದೆ ಅದು ಎಲ್ಲಿಗೂ ಸಾಲದು. ಹುರಿದಿಟ್ಟ ಉಪ್ಪೂ ಹಾಗೆಯೇ, ತೆರೆದಿಟ್ಟರೆ ಮತ್ತೆ ಒದ್ದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಿಂಗಳ ಉಪ್ಪು ಇಟ್ಟು, ದಿನದ ಬಳಕೆಗೆ ಸಣ್ಣ ಡಬ್ಬಿಯಲ್ಲಿ ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳುವುದು ಒಳ್ಳೆಯದು. ಒದ್ದೆ ಚಮಚ, ಅನ್ನ ಕುದಿಯುವ ಪಾತ್ರೆಯ ಹಬೆ, ಎರಡೂ ಅದಕ್ಕೆ ತಾಗಬಾರದು.

ಒಂದು ಎಚ್ಚರಿಕೆ ಹೇಳಲೇಬೇಕು. ನಾವು ತೊಳೆದು ನೋಡಿದ್ದು ಪ್ರಯೋಗಕ್ಕೆ. ಅಡುಗೆಗೆ ತಂದ ಅಯೋಡಿನ್ ಉಪ್ಪನ್ನು ದಯವಿಟ್ಟು ಯಾರೂ ತೊಳೆಯಬೇಡಿ. ಅದರಲ್ಲಿ ಅಯೋಡಿನ್ ಇರುವುದು ನೀರಲ್ಲಿ ಕರಗುವ ಪೊಟ್ಯಾಸಿಯಂ ಅಯೋಡೇಟ್ ರೂಪದಲ್ಲಿ, ತೊಳೆದರೆ ಅದೂ ಹೋಗುತ್ತದೆ. ಒದ್ದೆಯಾದ ಪ್ಯಾಕೆಟ್ ಉಪ್ಪಿನ ತಳದ ನೀರನ್ನು ಬಸಿದು ಚೆಲ್ಲಿದರೂ ಹಾಗೆಯೇ. ಆ ನೀರನ್ನು ಅಂದಿನ ಸಾರಿಗೇ ಹಾಕಿಬಿಡಿ, ರುಚಿ ನೋಡಿಕೊಂಡು.