ವೆಸ್ಟಿಜಿಯಲ್ ಅಂದ್ರೆ ಕೆಲಸಕ್ಕೆ ಬಾರದ ಅಂಗವೇ?

"ಸರ್, ವೆಸ್ಟಿಜಿಯಲ್ ಅಂದ್ರ ಕೆಲಸಕ್ಕ ಬಾರದ ಅಂಗ ಅಲ್ಲೇನ್ರೀ?"

ಕೊಪ್ಪಳದಲ್ಲಿ ಜೀವಶಾಸ್ತ್ರ ಪಾಠ ಮಾಡುವ ನನಗೆ ಪ್ರತಿ ವರ್ಷ ಬರುವ ಪ್ರಶ್ನೆ ಇದು. ಮಕ್ಕಳು ಕೇಳುತ್ತಾರೆ, ಅವರ ಅಪ್ಪಂದಿರೂ ಕೇಳುತ್ತಾರೆ. ಅಲ್ಲ ಅಂತ ಎಷ್ಟು ಸಲ ಹೇಳಿದರೂ ಪರೀಕ್ಷೆಯಲ್ಲಿ ಮತ್ತೆ "ನಿರುಪಯುಕ್ತ ಅಂಗ" ಅಂತಲೇ ಬರೆಯುತ್ತಾರೆ. ಅದಕ್ಕೆ ಈ ಸಲ ಬರೆದೇ ಇಡುತ್ತಿದ್ದೇನೆ.

ಪದದ ಮೂಲ ಲ್ಯಾಟಿನ್ನಿನ ವೆಸ್ಟಿಜಿಯಂ. ಹಾಗಂದರೆ ಹೆಜ್ಜೆ ಗುರುತು. ಹಿರೀಕರ ದೇಹದಲ್ಲಿ ಒಂದು ಅಂಗ ಯಾವ ಕೆಲಸ ಮಾಡುತ್ತಿತ್ತೋ ಆ ಕೆಲಸ ಹೋಗಿ, ಅಂಗದ ಗುರುತು ಮಾತ್ರ ಉಳಿದಿದ್ದರೆ ಅದು ವೆಸ್ಟಿಜಿಯಲ್. ಹೋಗಿರುವುದು ಹಳೇ ಕೆಲಸ. ಬೇರೆ ಯಾವ ಕೆಲಸವೂ ಇಲ್ಲ ಅಂತ ಆ ಪದ ಎಲ್ಲಿಯೂ ಹೇಳುವುದಿಲ್ಲ.

ನಮ್ಮ ಕಡೆ ಹಳೇ ಮನೆಗಳಲ್ಲಿ ಹಗೇವು ಇರುತ್ತಿತ್ತಲ್ವಾ, ಜೋಳ ತುಂಬಿಡಲು ನೆಲದೊಳಗೆ ತೋಡಿದ್ದು? ಈಗ ಅದರಲ್ಲಿ ಜೋಳ ಇಲ್ಲ. ಬಾಯಿಗೆ ಕಲ್ಲು ಮುಚ್ಚಿದೆ, ಆ ಕಲ್ಲಿನ ಮೇಲೆ ಅಜ್ಜ ಕೂರುತ್ತಾರೆ. ಕಾಳಿನ ಕೆಲಸ ಹೋಯಿತು, ಕೂರುವ ಕೆಲಸ ಬಂತು. ಆದರೂ ಅದು ಹಗೇವೇ, ನೋಡಿದವರಿಗೆ ಗೊತ್ತಾಗುತ್ತದೆ.

ಈಗ ಹೆಬ್ಬಾವಿಗೆ ಬರೋಣ. ಅದರ ಬಾಲದ ಬುಡದಲ್ಲಿ, ಮಲದ್ವಾರದ ಎರಡೂ ಪಕ್ಕ, ಉಗುರಿನಂಥ ಸಣ್ಣ ಕೊಕ್ಕೆ ಇರುತ್ತದೆ. ಹಿಡಿದು ನೋಡಿ ಅಂತ ಯಾರಿಗೂ ಹೇಳುವುದಿಲ್ಲ, ಒಳ್ಳೆಯ ಫೋಟೋ ಸಿಕ್ಕರೆ ಸಾಕು. ಆ ಕೊಕ್ಕೆಯ ಹಿಂದೆ, ದೇಹದ ಒಳಗೆ, ತೊಡೆ ಮೂಳೆಯ ತುಣುಕಿದೆ, ಸೊಂಟದ ಮೂಳೆಯ ತುಣುಕೂ ಇದೆ. ಅಂದರೆ ಅದು ಹಿಂಗಾಲಿನ ಉಳಿಕೆ. ಹಲ್ಲಿ, ಓತಿಕ್ಯಾತದ ಹಿಂಗಾಲಿನ ಮೂಳೆಗಳ ಪಕ್ಕ ಇಟ್ಟು ನೋಡಿದರೆ ಜಾಗ, ಜೋಡಣೆ ಎರಡೂ ಹೊಂದುತ್ತವೆ. ವೆಸ್ಟಿಜಿಯಲ್ ಹೌದೋ ಅಲ್ಲವೋ ಅಂತ ಪತ್ತೆ ಮಾಡುವುದು ಹೀಗೆ, ಸಂಬಂಧಿಕ ಪ್ರಾಣಿಗಳ ಜೊತೆ ಹೋಲಿಸಿ. "ಉಪಯೋಗ ಇದೆಯಾ?" ಅನ್ನುವುದು ಇಲ್ಲಿ ಪರೀಕ್ಷೆಯೇ ಅಲ್ಲ.

ಏಕೆಂದರೆ ಈ ಕೊಕ್ಕೆಗೆ ಉಪಯೋಗ ಇದೆ. ಗಂಡಿಗೆ ಸಾಮಾನ್ಯವಾಗಿ ಇದು ದೊಡ್ಡದಿರುತ್ತದೆ, ಕೂಡುವ ಕಾಲದಲ್ಲಿ ಹೆಣ್ಣಿನ ಮೈಯನ್ನು ಅದರಿಂದ ಕೆರೆಯುತ್ತದೆ. ನಡೆಯಲು ಬಾರದ ಕಾಲು, ಆದರೆ ಕೆಲಸಕ್ಕೆ ಬರುವ ಕಾಲು. ಎರಡೂ ಒಟ್ಟಿಗೆ ನಿಜ.

ಅಪೆಂಡಿಕ್ಸ್ ಕಥೆಯೂ ಹೀಗೇ. ಅದು ದೊಡ್ಡ ಕರುಳಿನ ಮೊದಲ ಚೀಲ ಕುಗ್ಗಿ ಉಳಿದದ್ದು, ಉಪಯೋಗ ಇಲ್ಲ ಅಂತ 1871ರಲ್ಲಿ ಡಾರ್ವಿನ್ ಬರೆದರು. ಆದರೆ ಅದರ ಗೋಡೆಯಲ್ಲಿ ರೋಗ ತಡೆಯುವ ಜೀವಕೋಶಗಳು ದಟ್ಟವಾಗಿವೆ ಅಂತ ಈಗ ಗೊತ್ತು. ಆಪರೇಷನ್ ಮಾಡಿ ತೆಗೆಸಿಕೊಂಡವರು ಆರಾಮಾಗಿ ಬದುಕುತ್ತಾರೆ, ಅದು ಸರಿ. ಆದರೆ ಇಲ್ಲದೆ ಬದುಕಬಹುದು ಅನ್ನುವುದು ಬೇರೆ, ಕೆಲಸವೇ ಮಾಡುವುದಿಲ್ಲ ಅನ್ನುವುದು ಬೇರೆ. ಒಂದು ಕಿಡ್ನಿ ಕೊಟ್ಟವರೂ ಬದುಕುತ್ತಾರೆ, ಕಿಡ್ನಿಗೆ ಕೆಲಸ ಇಲ್ಲ ಅಂತ ಯಾರಾದರೂ ಹೇಳುತ್ತಾರಾ?

ನಿಜಕ್ಕೂ ಹೆಚ್ಚೇನೂ ಕೆಲಸ ಉಳಿಯದ್ದೂ ಇದೆ. ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ಮಣಿಕಟ್ಟನ್ನು ಸ್ವಲ್ಪ ಒಳಗೆ ಬಾಗಿಸಿ. ನಡುವೆ ಹುರಿಯಂತೆ ಎದ್ದರೆ ಅದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ತುದಿ. ನಿಮ್ಮ ಕೈಯಲ್ಲಿ ಏಳದಿದ್ದರೆ ಗಾಬರಿ ಬೇಡ. ಎಷ್ಟೋ ಜನರಿಗೆ ಒಂದು ಕೈಯಲ್ಲೋ ಎರಡರಲ್ಲೋ ಆ ಸ್ನಾಯುವೇ ಇರುವುದಿಲ್ಲ, ಹಿಡಿತದಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. "ಬಳಸಲಿಲ್ಲ, ಅದಕ್ಕೇ ಸವೆದು ಹೋಯಿತು" ಅಂತಾರಲ್ಲ, ಅದೂ ಸರಿಯಲ್ಲ. ಎಷ್ಟೋ ತಲೆಮಾರಿನಿಂದ ಮಕ್ಕಳಿಗೆ ಕಿವಿ ಚುಚ್ಚಿಸುತ್ತಾ ಬಂದಿದ್ದೇವೆ, ಆದರೂ ಕಿವಿಯಲ್ಲಿ ತೂತು ಇಟ್ಟುಕೊಂಡು ಕೂಸು ಹುಟ್ಟಲಿಲ್ಲ. ಒಬ್ಬರ ಮೈಯಲ್ಲಿ ಆದ ಬದಲಾವಣೆ ಹಾಗೇ ಮಕ್ಕಳಿಗೆ ಹೋಗುವುದಿಲ್ಲ. ಆಗುವುದು ಬೇರೆ. ಡಿಎನ್ಎಯಲ್ಲಿ ಆಗಾಗ ಅಕ್ಷರ ತಪ್ಪುತ್ತದೆ. ಕಾಲನ್ನೇ ನಂಬಿದ ಪ್ರಾಣಿಯಲ್ಲಿ ಕಾಲು ಕೆಡಿಸುವ ತಪ್ಪು ಬಂದರೆ ಆ ಪ್ರಾಣಿ ಉಳಿಯುವುದು ಕಷ್ಟ, ತಪ್ಪೂ ಅಲ್ಲಿಗೇ ನಿಲ್ಲುತ್ತದೆ. ತೆವಳಿಕೊಂಡೇ ಬದುಕುವ ಪ್ರಾಣಿಯಲ್ಲಿ ಅದೇ ತಪ್ಪಿನಿಂದ ನಷ್ಟವಿಲ್ಲ, ಹಾಗಾಗಿ ಮರಿಗಳಿಗೂ ಸಾಗುತ್ತದೆ.

ಇದನ್ನು 2016ರಲ್ಲಿ ಇಲಿಯ ಮೇಲೆ ಮಾಡಿ ನೋಡಿದರು. ಕಾಲು ಬೆಳೆಸುವ ಒಂದು ಜೀನನ್ನು ಆನ್ ಮಾಡುವ ಸ್ವಿಚ್ಚಿನಂಥ ಡಿಎನ್ಎ ತುಂಡಿದೆ. ಇಲಿಯದನ್ನು ತೆಗೆದು ಅಲ್ಲಿ ಮೀನಿನದನ್ನು ಹಾಕಿದರು, ಕಾಲು ಸರಿಯಾಗೇ ಬೆಳೆಯಿತು. ಹೆಬ್ಬಾವಿನದನ್ನು ಹಾಕಿದರು, ಮೋಟು ಕಾಲಿನ ಮರಿ ಹುಟ್ಟಿತು. ಆಮೇಲೆ ಹಾವುಗಳಲ್ಲಿ ಕಳೆದುಹೋಗಿದ್ದ 17 ಅಕ್ಷರಗಳನ್ನು ಹೆಬ್ಬಾವಿನ ತುಂಡಿನೊಳಗೆ ಮತ್ತೆ ಸೇರಿಸಿ ಹಾಕಿದರು. ಇಲಿಗೆ ನಾಲ್ಕೂ ಕಾಲು ಬಂದವು.